ಸ್ಕ್ರೀನಲ್ಲಿ ಇಲ್ಲದ ಗೆರೆ ಪ್ರಿಂಟಿನಲ್ಲಿ ಯಾಕೆ ಬಂತು: ಒಂದು ಗುಂಪು ಫೋಟೋದ ರಿಪೇರಿ

ತೀರ್ಥಹಳ್ಳಿ ಕಡೆಯ ಒಂದು ಮನೆ. ಅಜ್ಜಿಯ ಎಂಬತ್ತರ ಶಾಂತಿಗೆ ಎಲ್ಲರೂ ಜಗಲಿಯಲ್ಲಿ ಸಾಲಾಗಿ ನಿಂತು ಗುಂಪು ಫೋಟೋ ತೆಗೆಸಿಕೊಂಡಿದ್ದರು. ಕಿರಿಯ ಮಗ ಮಿಲಿಟರಿಯಲ್ಲಿ. ಅವರಿಗೆ ರಜೆ ಸಿಗಲಿಲ್ಲ. ಆಮೇಲೆ ಊರಿಗೆ ಬಂದಾಗ ಅದೇ ಜಗಲಿಯಲ್ಲಿ, ಅದೇ ಕ್ಯಾಮೆರಾದಲ್ಲಿ ಅವರೊಬ್ಬರದ್ದೇ ಫೋಟೋ ತೆಗೆದು ಗುಂಪಿನ ಬಲತುದಿಗೆ ಸೇರಿಸಿದ್ದಾರೆ. 18x12 ಇಂಚಿನ ಪ್ರಿಂಟೂ ಆಗಿದೆ. ಆ ಪ್ರಿಂಟನ್ನೂ ಒಂದು ಪೆನ್ ಡ್ರೈವನ್ನೂ ಹಿಡಿದುಕೊಂಡು ಹಿರಿಯ ಮಗ ಶಿವಮೊಗ್ಗ ದುರ್ಗಿಗುಡಿಯ ನಮ್ಮ ಅಂಗಡಿಗೆ ಬಂದರು.

"ಕಂಪ್ಯೂಟರಲ್ಲಿ ತೋರಿಸಿದಾಗ ಚೆನ್ನಾಗೇ ಇತ್ತು ಮಾರಾಯ್ರೆ. ಪ್ರಿಂಟ್ ನೋಡಿದ್ರೆ ತಮ್ಮನ್ನ ಕತ್ತರಿಸಿ ಅಂಟಿಸಿದ ಹಾಗೆ ಕಾಣ್ತದೆ" ಅಂದರು.

ಅವರು ಹೇಳಿದ್ದು ನಿಜವೇ. ಪೆನ್ ಡ್ರೈವಿನಲ್ಲಿ ಫೋಟೋಶಾಪಿನ ಮೂಲ ಫೈಲು, ಲೇಯರ್ ಇರುವ ಪಿಎಸ್‌ಡಿ ಇತ್ತು. 6000x4000 ಪಿಕ್ಸೆಲ್, 16 ಬಿಟ್. ಅದನ್ನು ತೆರೆದು 100% ಗಾತ್ರದಲ್ಲಿ ನೋಡಿದೆ. ಕೂದಲ ಅಂಚು, ಭುಜ, ಕಾಲಡಿಯ ನೆರಳು ಎಲ್ಲವೂ ಸರಿಯಾಗಿತ್ತು. ಕೆಲಸ ಮಾಡಿದವರ ಕೈ ಚೆನ್ನಾಗಿದೆ. ಅಂದರೆ ಬ್ಲೆಂಡಿಂಗ್‌ನಲ್ಲಿ ತಪ್ಪಿಲ್ಲ. ಪಿಎಸ್‌ಡಿಯಿಂದ ಕಾಗದಕ್ಕೆ ಹೋಗುವ ದಾರಿಯಲ್ಲೇ ಏನೋ ಆಗಿದೆ.

ಪ್ರಿಂಟಿನಲ್ಲಿ ಕಂಡಿದ್ದು

ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಾಗ ಎರಡು ಬೇರೆ ಬೇರೆ ದೋಷ ಕಂಡವು.

ಒಂದು, ತಮ್ಮನ ಹಿಂದಿನ ಸುಣ್ಣದ ಗೋಡೆ. ಅವರ ಸುತ್ತ ಎರಡು ಮೂರು ಸೆಂಟಿಮೀಟರ್ ಅಗಲಕ್ಕೆ ಗೋಡೆ ನುಣ್ಣಗಿದೆ. ಅದರಾಚೆ ಗೋಡೆಗೆ ಸಣ್ಣ ಒರಟುತನ ಇದೆ. ಬಣ್ಣ ಒಂದೇ, ಬೆಳಕೂ ಒಂದೇ. ಆದರೂ ಕಣ್ಣು ಆ ನುಣುಪಾದ ತೇಪೆಯನ್ನು ಹಿಡಿದುಬಿಡುತ್ತದೆ.

ಎರಡು, ಅವರ ಬಲಭುಜ. ಕಡುಗೆಂಪು ಜುಬ್ಬ, ಹಿಂದೆ ಅಡಿಕೆ ತೋಟದ ಹಸಿರು. ಕೆಂಪು ಹಸಿರು ಸೇರುವ ಜಾಗದಲ್ಲಿ ಕಂದು ಬಣ್ಣದ ತೆಳುವಾದ ಗೆರೆ. ಹತ್ತಿರದಿಂದ ನೋಡಿದರೆ ಅದು ಮೆಟ್ಟಿಲು ಮೆಟ್ಟಿಲಾಗಿದೆ.

ಇವೆರಡರ ಕಾರಣವೂ ಬೇರೆ. ಮೊದಲು ಪ್ರಿಂಟಿಗೆ ಕೊಟ್ಟಿದ್ದ ಜೆಪೆಗ್ ಫೈಲ್ ಯಾವ ಥರದ್ದು ಅಂತ ನೋಡಬೇಕಿತ್ತು. ಇಮೇಜ್‌ಮ್ಯಾಜಿಕ್ ಅನ್ನುವ ಸಾಫ್ಟ್‌ವೇರ್ ಇದ್ದರೆ ಒಂದೇ ಸಾಲಿನ ಕೆಲಸ:

```
magick identify -format "%w %h %Q %[jpeg:sampling-factor]\n" jagali.jpg
3000 2000 78 2x2,1x1,1x1
```

ಈ ಸಾಲಿನಲ್ಲೇ ಅರ್ಧ ಕಥೆ ಇದೆ. 6000 ಪಿಕ್ಸೆಲ್ ಅಗಲದ ಫೈಲನ್ನು 3000ಕ್ಕೆ ಇಳಿಸಿದ್ದಾರೆ. ಬಹುಶಃ ಫೋನಿನಲ್ಲಿ ಕಳಿಸೋಕೆ ಸುಲಭ ಆಗಲಿ ಅಂತ ಇರಬೇಕು, ಆ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ವಾ. 78 ಅನ್ನುವುದು ಜೆಪೆಗ್ ಗುಣಮಟ್ಟದ ಅಂದಾಜು. ಕೊನೆಯ `2x2,1x1,1x1` ಅಂದರೆ ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಲಾಗಿದೆ. ಇದನ್ನೇ 4:2:0 ಅನ್ನುತ್ತಾರೆ.

3000 ಪಿಕ್ಸೆಲನ್ನು 18 ಇಂಚಿಗೆ ಹರಡಿದರೆ ಇಂಚಿಗೆ ಸುಮಾರು 167 ಪಿಕ್ಸೆಲ್ ಬರುತ್ತದೆ. ಜೆಪೆಗ್ ಚಿತ್ರವನ್ನು 8x8 ಪಿಕ್ಸೆಲಿನ ಚೌಕಗಳಾಗಿ ಒಡೆದು, ಒಂದೊಂದು ಚೌಕವನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತದೆ. ಈ ಪ್ರಿಂಟಿನಲ್ಲಿ ಆ ಒಂದು ಚೌಕದ ಅಗಲ 1.2 ಮಿಲಿಮೀಟರ್. ಕೈಯಲ್ಲಿ ಹಿಡಿದು ನೋಡುವ ಫೋಟೋದಲ್ಲಿ ಇಷ್ಟು ದೊಡ್ಡದು ಕಾಣದೇ ಇರೋಕೆ ಸಾಧ್ಯವೇ ಇಲ್ಲ. ಇಂಚಿಗೆ 300 ಇದ್ದಿದ್ದರೆ ಅದೇ ಚೌಕ 0.7 ಮಿಲಿಮೀಟರಿಗೆ ಇಳಿಯುತ್ತಿತ್ತು.

ಗೋಡೆಯ ತೇಪೆ ಹೇಗೆ ಹುಟ್ಟಿತು

ಇದೇ ಈ ಕೆಲಸದ ಮುಖ್ಯ ಭಾಗ. ಸ್ವಲ್ಪ ನಿಧಾನವಾಗಿ ನೋಡೋಣ.

ಗುಂಪು ಫೋಟೋ ತೆಗೆದದ್ದು ಮಳೆಗಾಲದಲ್ಲಿ. ಜಗಲಿಯಲ್ಲಿ ಬೆಳಕು ಕಮ್ಮಿ, ಕ್ಯಾಮೆರಾದ ಐಎಸ್‌ಒ 1600. ತಮ್ಮನ ಫೋಟೋ ತೆಗೆದದ್ದು ಮಳೆ ಬಿಟ್ಟ ಮೇಲೆ, ಐಎಸ್‌ಒ 200. ಹಾಗಾಗಿ ಮೊದಲನೇ ಫೋಟೋದಲ್ಲಿ ಗ್ರೇನ್, ಅಂದರೆ ಮರಳಿನ ಹಾಗೆ ಕಾಣುವ ಸಣ್ಣ ಚುಕ್ಕೆ, ಜಾಸ್ತಿ, ಎರಡನೆಯದರಲ್ಲಿ ಕಮ್ಮಿ. ಕೂದಲು ಸಹಜವಾಗಿ ಕಾಣಲಿ ಅಂತ ತಮ್ಮನ ಜೊತೆಗೆ ಅವರ ಹಿಂದಿನ ಗೋಡೆಯನ್ನೂ ಸ್ವಲ್ಪ ತೆಗೆದುಕೊಂಡು, ಅದನ್ನು ಗುಂಪು ಫೋಟೋದ ಗೋಡೆಗೆ ಅಗಲವಾದ ಮೆತ್ತನೆಯ ಮಾಸ್ಕಿನಿಂದ ಸೇರಿಸಿದ್ದಾರೆ. ಇದು ಸರಿಯಾದ ಪದ್ಧತಿಯೇ. ಗ್ರೇನ್ ವ್ಯತ್ಯಾಸ ಕಾಣದಿರಲಿ ಅಂತ ತಮ್ಮನ ಲೇಯರಿಗೆ ನಾಯ್ಸ್ ಫಿಲ್ಟರ್ ಹಾಕಿ ಸರಿದೂಗಿಸಿದ್ದಾರೆ. 6000 ಪಿಕ್ಸೆಲಿನಲ್ಲಿ ಅದು ಚೆನ್ನಾಗಿ ಹೊಂದಿಕೊಂಡಿದೆ.

ಆಮೇಲೆ ಫೈಲನ್ನು ಅರ್ಧಕ್ಕೆ ಇಳಿಸಿದರು. ತೊಂದರೆ ಶುರುವಾದದ್ದು ಅಲ್ಲಿ. ಅರ್ಧಕ್ಕೆ ಇಳಿಸುವುದು ಅಂದರೆ ಹೆಚ್ಚುಕಮ್ಮಿ ನಾಲ್ಕು ಪಿಕ್ಸೆಲಿನ ಸರಾಸರಿ ತೆಗೆದು ಒಂದು ಪಿಕ್ಸೆಲ್ ಮಾಡುವುದು. ಫಿಲ್ಟರಿನಿಂದ ಹಾಕಿದ ಗ್ರೇನ್ ಒಂದೊಂದು ಪಿಕ್ಸೆಲಿಗೂ ಬೇರೆ ಬೇರೆ, ಪಕ್ಕದ ಪಿಕ್ಸೆಲಿಗೆ ಸಂಬಂಧವೇ ಇಲ್ಲ. ನಾಲ್ಕರ ಸರಾಸರಿ ತೆಗೆದರೆ ಅದರ ಬಲ ಅರ್ಧ ಆಗುತ್ತದೆ. ಕ್ಯಾಮೆರಾದ ಗ್ರೇನ್ ಹಾಗಲ್ಲ. ಸೆನ್ಸರಿನ ಒಂದೊಂದು ಪಿಕ್ಸೆಲ್ ಒಂದೊಂದೇ ಬಣ್ಣ ನೋಡುತ್ತದೆ, ಉಳಿದ ಬಣ್ಣವನ್ನು ಅಕ್ಕಪಕ್ಕದಿಂದ ಊಹಿಸಿ ತುಂಬಲಾಗುತ್ತದೆ. ಹಾಗಾಗಿ ಅದರ ಗ್ರೇನ್ ಎರಡು ಮೂರು ಪಿಕ್ಸೆಲಿನ ಗುಂಪಾಗಿರುತ್ತದೆ. ಸರಾಸರಿ ತೆಗೆದರೂ ಅಷ್ಟು ಬೇಗ ಕರಗುವುದಿಲ್ಲ. 6000ದಲ್ಲಿ ಸಮನಾಗಿದ್ದ ಎರಡು ಗೋಡೆಗಳು 3000ಕ್ಕೆ ಬರುವಾಗ ಸಮನಾಗಿ ಉಳಿಯಲಿಲ್ಲ.

ಇಲ್ಲಿಗೆ ನಿಂತಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಆ ಸಣ್ಣ ವ್ಯತ್ಯಾಸವನ್ನು ಜೆಪೆಗ್ ದೊಡ್ಡದು ಮಾಡಿತು.

ಜೆಪೆಗ್ ಪ್ರತಿ ಚೌಕದ ವಿವರವನ್ನೂ ಒರಟು, ಸೂಕ್ಷ್ಮ ಅಂತ ಬೇರೆ ಬೇರೆ ಪಾಲು ಮಾಡುತ್ತದೆ. ಒಂದೊಂದು ಪಾಲಿಗೂ ಒಂದು ಅಳತೆಯ ಮೆಟ್ಟಿಲು ಇದೆ. ಮೆಟ್ಟಿಲಿನ ಅರ್ಧಕ್ಕಿಂತ ಕಮ್ಮಿ ಇದ್ದದ್ದು ಸೊನ್ನೆ ಆಗುತ್ತದೆ, ಜಾಸ್ತಿ ಇದ್ದದ್ದು ಉಳಿಯುತ್ತದೆ. ಜೆಪೆಗ್‌ನ ಸಾಮಾನ್ಯ ಕೋಷ್ಟಕದ ಪ್ರಕಾರ ಗುಣಮಟ್ಟ 78ರಲ್ಲಿ ಸೂಕ್ಷ್ಮ ವಿವರಗಳ ಮೆಟ್ಟಿಲು 40ರಿಂದ 50 ಇರುತ್ತದೆ. ಗೋಡೆಯ ಗ್ರೇನಿನ ಏರಿಳಿತ ಬರೀ ಎರಡು ಮೂರು ಅಂಕ. ಆ ಮೆಟ್ಟಿಲ ಮುಂದೆ ಅದು ಲೆಕ್ಕಕ್ಕೇ ಇಲ್ಲ, ಪೂರ್ತಿ ಸೊನ್ನೆ. ಒರಟು ವಿವರಗಳ ಮೆಟ್ಟಿಲು ಮಾತ್ರ 5ರಿಂದ 7ರ ಆಸುಪಾಸು. ಅಂದರೆ ದಾಟಬೇಕಾದ ಹೊಸ್ತಿಲು ಮೂರರ ಹತ್ತಿರ. ಮೂರಕ್ಕಿಂತ ಸ್ವಲ್ಪ ಮೇಲಿದ್ದ ಗುಂಪು ಫೋಟೋದ ಗ್ರೇನ್ ಅಲ್ಲಲ್ಲಿ ದಾಟಿತು. ಎರಡರ ಹತ್ತಿರ ಇದ್ದ ತಮ್ಮನ ಗೋಡೆಯದ್ದು ದಾಟಲಿಲ್ಲ. ಮೊದಲು ಸ್ವಲ್ಪ ಜಾಸ್ತಿ, ಸ್ವಲ್ಪ ಕಮ್ಮಿ ಅಂತ ಇದ್ದದ್ದು ಈಗ ಇದೆ, ಇಲ್ಲ ಅಂತ ಆಯಿತು. ನುಣುಪಾದ ತೇಪೆ ಹುಟ್ಟಿದ್ದು ಹೀಗೆ.

ಈ ಗ್ರೇನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗೋಡೆಯ ಮೇಲೆ ಬೆಳಕು ನಿಧಾನವಾಗಿ ಇಳಿಯುತ್ತಾ ಹೋಗುತ್ತದಲ್ಲ, ಆ ಇಳಿಜಾರಿನಲ್ಲಿ ಇರುವುದು ಇಪ್ಪತ್ತು ಅಂಕದ ವ್ಯತ್ಯಾಸ ಅಂದುಕೊಳ್ಳಿ. 8 ಬಿಟ್ ಫೈಲಿನಲ್ಲಿ ಅದು ಇಪ್ಪತ್ತೇ ಪಟ್ಟಿ. ಹನ್ನೆರಡು ಇಂಚಿಗೆ ಹರಡಿದರೆ ಒಂದೊಂದು ಪಟ್ಟಿ ಒಂದೂವರೆ ಸೆಂಟಿಮೀಟರ್ ಅಗಲ. ಗ್ರೇನ್ ಇದ್ದರೆ ಪಟ್ಟಿಗಳ ಅಂಚು ಒಡೆದು ಕಾಣದೇ ಹೋಗುತ್ತದೆ. ಗ್ರೇನ್ ಹೋದರೆ ಪಟ್ಟಿ ವಾಪಸ್ ಬರುತ್ತದೆ. ತಮ್ಮನ ಬೆನ್ನ ಹಿಂದೆ ಅಂಥ ಎರಡು ಪಟ್ಟಿ ಮಸುಕಾಗಿ ಕಾಣುತ್ತಿದ್ದವು.

ಭುಜದ ಗೆರೆ

ಇದು ಸುಲಭದ್ದು. ಕಡುಗೆಂಪು ಜುಬ್ಬ ಮತ್ತು ತೋಟದ ನೆರಳಿನ ಹಸಿರು, ಎರಡಕ್ಕೂ ಹೊಳಪು ಹೆಚ್ಚುಕಮ್ಮಿ ಒಂದೇ. ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡಿದರೆ ಭುಜ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಅಂದರೆ ಆ ಅಂಚು ಇರುವುದೇ ಬಣ್ಣದಲ್ಲಿ. ಜೆಪೆಗ್ ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆ ಇಡುತ್ತದೆ. 4:2:0ದಲ್ಲಿ ನಾಲ್ಕು ಪಿಕ್ಸೆಲಿಗೆ ಸೇರಿ ಒಂದೇ ಬಣ್ಣ. ಕೆಂಪಿನ ಎರಡು, ಹಸಿರಿನ ಎರಡು ಸೇರಿದರೆ ಬರುವುದು ಕಂದು. ಅದೇ ಆ ಗೆರೆ, ಅದೇ ಆ ಮೆಟ್ಟಿಲು.

ಅಜ್ಜಿಯ ಕೆಂಪು ಸೀರೆಯ ಅಂಚಿಗೂ ಇದೇ ಆಗಿತ್ತು, ಆದರೆ ಅಲ್ಲಿ ಹಿಂದೆ ಬಿಳಿ ಗೋಡೆ. ಹೊಳಪಿನ ಅಂಚು ಗಟ್ಟಿ ಇದ್ದದ್ದರಿಂದ ಕಾಣಲಿಲ್ಲ. ಬ್ಲೆಂಡ್ ಮಾಡಿದ ಅಂಚು ಕೆಂಪು-ಹಸಿರು ಅಥವಾ ಕೆಂಪು-ನೀಲಿ ನಡುವೆ ಬಿದ್ದರೆ 4:2:0 ಬೇಡವೇ ಬೇಡ. ಫೋಟೋಶಾಪಿನ `Save As` ಜೆಪೆಗ್‌ನಲ್ಲಿ ಇದಕ್ಕೆ ಬೇರೆ ಗುಂಡಿ ಇಲ್ಲ. ಅದರ 12ರವರೆಗಿನ ಗುಣಮಟ್ಟದ ಅಂಕದಲ್ಲಿ 6 ಮತ್ತು ಅದರ ಕೆಳಗೆ ಬಣ್ಣ ಅರ್ಧ ಆಗುತ್ತದೆ, 7 ಮತ್ತು ಅದರ ಮೇಲೆ ಪೂರ್ತಿ ಉಳಿಯುತ್ತದೆ. ಗಿಂಪ್‌ನಲ್ಲಿ ರಫ್ತು ಕಿಟಕಿಯಲ್ಲೇ `4:4:4` ಅಂತ ಆರಿಸಿಕೊಳ್ಳಬೇಕು.

ರಿಪೇರಿ

ಮೊದಲು ಪಿಎಸ್‌ಡಿಯ ಒಂದು ನಕಲು ಮಾಡಿ, ಎಲ್ಲ ಲೇಯರ್ ಒಂದಾಗುವ ಹಾಗೆ ಫ್ಲಾಟನ್ ಮಾಡಿದೆ. ಗಾತ್ರ ಬದಲಿಸುವುದು ಆಮೇಲೆ. ಲೇಯರ್ ಇದ್ದ ಹಾಗೇ ಗಾತ್ರ ಬದಲಿಸಿದರೆ ಪ್ರತಿ ಮಾಸ್ಕೂ ಬೇರೆ ಬೇರೆಯಾಗಿ ಹೊಸ ಗಾತ್ರಕ್ಕೆ ಬರುತ್ತದೆ. ಎರಡು ಮಾಸ್ಕು ತಾಗುವ ಕಡೆ ಕೂದಲೆಳೆಯಷ್ಟು ಸಂದು ಬಿಟ್ಟುಕೊಂಡು ಹಿಂದಿನ ಲೇಯರ್ ಇಣುಕುವುದುಂಟು.

ಆಮೇಲೆ 18x12 ಇಂಚು, ಇಂಚಿಗೆ 300, ಅಂದರೆ 5400x3600 ಪಿಕ್ಸೆಲಿಗೆ ತಂದೆ. 6000ದಿಂದ 5400 ಅಂದರೆ ಸಣ್ಣ ಇಳಿಕೆ ಅಷ್ಟೇ. ನಾವು ಕೊಡುವ ಲ್ಯಾಬಿನ ಯಂತ್ರ ಇಂಚಿಗೆ 300 ಚುಕ್ಕೆಯದ್ದು. ಫೈಲ್ ಅದಕ್ಕೆ ಸರಿಯಾಗಿ ಇದ್ದರೆ ಯಂತ್ರ ತನ್ನ ಲೆಕ್ಕದಲ್ಲಿ ಹಿಗ್ಗಿಸಿ ಕುಗ್ಗಿಸುವ ಪ್ರಶ್ನೆ ಇಲ್ಲ. ಆ ಹಿಗ್ಗಿಸುವ ಕೆಲಸ ನಾವೇ ಮಾಡಿದರೆ ಆಮೇಲೆ ಗ್ರೇನ್ ನೋಡಿ ಸರಿಮಾಡಬಹುದು. ಯಂತ್ರ ಮಾಡಿದರೆ ನೋಡೋಕೆ ಆಗುವುದಿಲ್ಲ.

ಶಾರ್ಪನ್ ಇಲ್ಲಿ, ಗ್ರೇನಿಗೆ ಮೊದಲು. ತ್ರಿಜ್ಯ ಒಂದು ಪಿಕ್ಸೆಲ್, ಮುಖ ಮತ್ತು ಬಟ್ಟೆಗಳಿಗೆ ಮಾತ್ರ. ಬ್ಲೆಂಡ್ ಆದ ಅಂಚಿನ ಮೇಲೆ ಶಾರ್ಪನ್ ಬಿದ್ದರೆ ಬೆಳ್ಳಗಿನ ಬಳೆ ಹುಟ್ಟುತ್ತದೆ. ತಮ್ಮನ ಹೊರಗೆರೆಯನ್ನು ಮಾಸ್ಕಿನಿಂದ ಬಿಟ್ಟುಬಿಟ್ಟೆ.

ಈಗ ಗ್ರೇನ್. ಇದನ್ನು ಕಣ್ಣಳತೆಯಲ್ಲಿ ಮಾಡುವುದಕ್ಕಿಂತ ಅಳೆದು ಮಾಡುವುದು ಒಳ್ಳೆಯದು. ಗುಂಪಿನ ಹಿಂದಿನ ಗೋಡೆಯಲ್ಲಿ ಕಲೆ ಬಿರುಕು ಇಲ್ಲದ ಸಣ್ಣ ಚೌಕ ಆರಿಸಿ ಹಿಸ್ಟೋಗ್ರಾಂ ಕಿಟಕಿಯಲ್ಲಿ ಏರಿಳಿತದ ಅಳತೆಯಾದ `Std Dev` ನೋಡಿದೆ: 3.1. ತಮ್ಮನ ಪಕ್ಕದ ಗೋಡೆಯಲ್ಲಿ ಅಷ್ಟೇ ದೊಡ್ಡ ಚೌಕ: 2.2. ಚೌಕ ತೀರಾ ದೊಡ್ಡದು ಮಾಡಬಾರದು, ಗೋಡೆಯ ಬೆಳಕಿನ ಇಳಿಜಾರೂ ಅದರಲ್ಲಿ ಸೇರಿ ಅಂಕ ಸುಳ್ಳು ಹೇಳುತ್ತದೆ.

3.1 ಮಾಡಬೇಕಾದರೆ 0.9 ಸೇರಿಸಿದರೆ ಸಾಕು ಅನಿಸಬಹುದು. ಸಾಕಾಗಲ್ಲ. ಸಂಬಂಧ ಇಲ್ಲದ ಎರಡು ಗ್ರೇನ್ ಸೇರುವಾಗ ಅವುಗಳ ವರ್ಗ ಕೂಡುತ್ತದೆ. 3.1ರ ವರ್ಗ 9.61, 2.2ರ ವರ್ಗ 4.84. ವ್ಯತ್ಯಾಸ 4.77, ಅದರ ವರ್ಗಮೂಲ ಸುಮಾರು 2.2. ಅಂದರೆ ಈಗ ಇರುವಷ್ಟೇ ಗ್ರೇನನ್ನು ಮತ್ತೊಮ್ಮೆ ಹಾಕಬೇಕು.

ಮೇಲೊಂದು 50% ಬೂದು ಲೇಯರ್ ಹಾಕಿ, `Overlay` ಮಾಡಿ, ಅದಕ್ಕೆ ಗೌಸಿಯನ್, ಒಂದೇ ಬಣ್ಣದ ನಾಯ್ಸ್ ಕೊಟ್ಟೆ. ಆಮೇಲೆ ಅದಕ್ಕೇ 0.6 ಪಿಕ್ಸೆಲ್ ಬ್ಲರ್. ಕ್ಯಾಮೆರಾದ ಗ್ರೇನಿನ ಹಾಗೆ ಇದೂ ಗುಂಪುಗೂಡಲಿ ಅಂತ. ಬ್ಲರ್ ಕೊಟ್ಟ ತಕ್ಷಣ ಬಲ ಇಳಿಯುತ್ತದೆ, ಮತ್ತೆ ಏರಿಸಬೇಕು. ಅಂಕ 3.1ಕ್ಕೆ ಬರುವವರೆಗೆ ಒಪಾಸಿಟಿ ಹಿಂದೆ ಮುಂದೆ ಮಾಡಿದೆ. ತಮ್ಮನ ಲೇಯರಿನದ್ದೇ ಮಾಸ್ಕನ್ನು ಈ ಗಾತ್ರಕ್ಕೆ ಇಳಿಸಿ ಇದಕ್ಕೂ ಹಾಕಿದ್ದರಿಂದ ಗ್ರೇನ್ ಬಿದ್ದದ್ದು ಅವರ ಮೇಲೆ ಮತ್ತು ಅವರ ಗೋಡೆಯ ಮೇಲೆ ಮಾತ್ರ. ಮೆತ್ತನೆಯ ಅಂಚಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎರಡು ಫೋಟೋ ಅರ್ಧರ್ಧ ಬೆರೆತ ಜಾಗದಲ್ಲಿ ಸರಾಸರಿಯ ಕಾರಣಕ್ಕೆ ಗ್ರೇನ್ ಎರಡೂ ಕಡೆಗಿಂತ ಕಮ್ಮಿ ಇರುತ್ತದೆ. ಅಲ್ಲಿ ಮಾಸ್ಕನ್ನು ಬ್ರಷ್ಷಿನಿಂದ ಸ್ವಲ್ಪ ಹೊರಕ್ಕೆ ತಳ್ಳಿದೆ. ಕೊನೆಗೆ ಇಡೀ ಚಿತ್ರದ ಮೇಲೆ ತೀರಾ ತೆಳುವಾಗಿ, ಒಂದು ಅಂಕದಷ್ಟು ಗ್ರೇನ್. ಇದು ಎಲ್ಲವನ್ನೂ ಒಂದೇ ಹೊದಿಕೆಯಡಿ ತರುತ್ತದೆ, ಪಟ್ಟಿಗಳನ್ನೂ ಒಡೆಯುತ್ತದೆ.

ಮತ್ತೆ ಫ್ಲಾಟನ್, ಎಸ್‌ಆರ್‌ಜಿಬಿ, 8 ಬಿಟ್, ಟಿಫ್. ಇದೇ ಪ್ರಿಂಟಿನ ಮೂಲ. ತೂಕ 58 ಎಂಬಿ ಹತ್ತಿರ.

ಜೆಪೆಗ್, ಒಂದೇ ಸಲ

ಲ್ಯಾಬು ಟಿಫ್ ತೆಗೆದುಕೊಂಡರೆ ಅದನ್ನೇ ಕೊಡಿ, ಮುಗಿಯಿತು. ನಮ್ಮ ಲ್ಯಾಬಿಗೆ ಜೆಪೆಗ್ಗೇ ಆಗಬೇಕು. ಹಾಗಾದರೆ ಎಷ್ಟು ಗುಣಮಟ್ಟ?

95 ಸಾಕು ಅಂತ ಎಲ್ಲರೂ ಹೇಳುತ್ತಾರೆ. ಮಾಮೂಲಿ ಫೋಟೋಗೆ ಸಾಕು. ಇಂಥ ಕೆಲಸಕ್ಕೆ ನನಗೆ ಅದು ಹಿಡಿಸಲ್ಲ. ಸಾಮಾನ್ಯ ಕೋಷ್ಟಕದಲ್ಲಿ 95ಕ್ಕೆ ಅತಿ ಸೂಕ್ಷ್ಮ ವಿವರದ ಮೆಟ್ಟಿಲು 10ರಿಂದ 12. ಹೊಸ್ತಿಲು ಐದಾರು. 3.1ರ ಗ್ರೇನಿನಲ್ಲಿ ಅದನ್ನು ದಾಟುವುದು ಕೆಲವು ಮಾತ್ರ. 98ಕ್ಕೆ ಮೆಟ್ಟಿಲು 4ರಿಂದ 5, ಹೊಸ್ತಿಲು ಎರಡೂವರೆಯ ಒಳಗೆ. ಬಹಳಷ್ಟು ಉಳಿಯುತ್ತದೆ. ಫೋಟೋಶಾಪಿನಲ್ಲಾದರೆ 12. ಫೈಲ್ ದೊಡ್ಡದಾಗುತ್ತದೆ, ಆಗಲಿ. ನಾವು ಉಳಿಸೋಕೆ ಹೊರಟಿರುವುದೇ ಆ ಗ್ರೇನನ್ನು, ಅದಕ್ಕೆ ಜಾಗ ಬೇಕಲ್ವಾ.

```
magick jagali_18x12.tif -sampling-factor 4:4:4 -quality 98 jagali_18x12.jpg
```

ಕಳಿಸುವ ಮೊದಲು ಈ ಜೆಪೆಗ್ಗನ್ನು ತೆರೆದು ಟಿಫ್ ಮೇಲೆ ಲೇಯರಾಗಿ ಇಟ್ಟು `Difference` ಮಾಡಿದೆ. ಬರೀ ಕಪ್ಪು ಕಾಣುತ್ತದೆ. ಮೇಲೆ ಒಂದು ಲೆವೆಲ್ಸ್ ಹಾಕಿ 255ನ್ನು 15ಕ್ಕೆ ಎಳೆದರೆ ಕಳೆದುಹೋದದ್ದೆಲ್ಲ ಬೆಳಗುತ್ತದೆ. ಇಡೀ ಚಿತ್ರಕ್ಕೆ ಒಂದೇ ಥರದ ಪುಡಿ ಕಂಡರೆ ಫೈಲ್ ಸರಿ ಇದೆ. ಯಾರಾದರೊಬ್ಬರ ಆಕಾರವೋ ತೇಪೆಯ ಆಕಾರವೋ ಕಂಡರೆ ಪ್ರಿಂಟಿನಲ್ಲೂ ಕಾಣುತ್ತದೆ. ಹೋಲಿಕೆಗೆ ಹಳೇ ಜೆಪೆಗ್ಗಿಗೂ ಹೀಗೇ ಮಾಡಿದೆ, ಪಿಎಸ್‌ಡಿಯನ್ನು 3000ಕ್ಕೆ ಇಳಿಸಿಕೊಂಡು. ಅದರಲ್ಲಿ ತಮ್ಮನ ಭುಜದ ಮೇಲೆ ಚೌಕ ಚೌಕವಾದ ಗೆರೆ, ಗೋಡೆಯಲ್ಲಿ ತೇಪೆಯ ಪೂರ್ತಿ ನಕ್ಷೆ ಕಂಡಿತು.

ಇನ್ನೊಂದು ಪರೀಕ್ಷೆ ಕತ್ತಲಿಗೆ. ಬೆಂಚಿನಡಿ, ಕಾಲಿನ ನೆರಳು ಇವೆಲ್ಲ ಕಪ್ಪಿನ ಹತ್ತಿರ ಇರುತ್ತವೆ. ಸ್ಕ್ರೀನಿನಲ್ಲಿ ಅಲ್ಲಿ ಏನಿದೆ ಅಂತ ಕಾಣುವುದಿಲ್ಲ. ಕರ್ವ್ಸ್ ಹಾಕಿ ಕತ್ತಲನ್ನು ಜೋರಾಗಿ ಎತ್ತಿ ನೋಡಬೇಕು. ರೆಡ್ ಆಕ್ಸೈಡ್ ನೆಲದ ಮೇಲೆ ಬ್ರಷ್ಷಿನಿಂದ ಬಿಡಿಸಿದ ನೆರಳಿಗೂ ಅಸಲಿ ನೆರಳಿಗೂ ಬಣ್ಣ ಬೇರೆ ಇತ್ತು: ಒಂದು ಬೂದು, ಇನ್ನೊಂದು ಕೆಂಪು ಬೆರೆತದ್ದು. ಮೂಲ ಪ್ರಿಂಟಿನಲ್ಲಿ ಇದು ಕಂಡಿರಲಿಲ್ಲ. ಲ್ಯಾಬಿನಲ್ಲಿ ಯಾರಾದರೂ ಸ್ವಲ್ಪ ಬೆಳಕು ಎತ್ತಿದರೆ ಕಾಣುತ್ತಿತ್ತು. ಪಿಎಸ್‌ಡಿಗೇ ಹೋಗಿ ಸರಿಮಾಡಿ ಮತ್ತೆ ಮೊದಲಿಂದ ಬಂದೆ. ಜೆಪೆಗ್ ಮೇಲೆ ತಿದ್ದಿ ಮತ್ತೆ ಜೆಪೆಗ್ ಮಾಡುವುದು ಬೇಡ.

ಲ್ಯಾಬಿನಲ್ಲಿ

ಪೂರ್ತಿ ಪ್ರಿಂಟಿಗೆ ಮೊದಲು ಒಂದು ತುಂಡು. 5400x3600ರ ಫೈಲಿನಿಂದ ತಮ್ಮನ ಭುಜವೂ ಗೋಡೆಯೂ ಬರುವ ಹಾಗೆ 1800x1200 ಪಿಕ್ಸೆಲ್ ಕತ್ತರಿಸಿದರೆ ಅದು ಸರಿಯಾಗಿ 6x4 ಇಂಚು. ಚಿಲ್ಲರೆ ಕಾಸಿನಲ್ಲಿ ಆಗುವ ಪರೀಕ್ಷೆ, ದೊಡ್ಡ ಪ್ರಿಂಟಿನಲ್ಲಿ ಬರುವ ಅದೇ ಗಾತ್ರದ ಅದೇ ಅಂಚು.

ಯಂತ್ರದ ಹುಡುಗನಿಗೆ ಹೇಳಬೇಕಾದ್ದು ಎರಡೇ ಮಾತು. "ಕರೆಕ್ಷನ್ ಬೇಡ. ಸೈಜು ಮುಟ್ಟಬೇಡ."

"ಬಾರ್ಡರ್ ಬೇಡ ಅಂದ್ರೆ ಅದೇ ಸ್ವಲ್ಪ ದೊಡ್ಡದಾಗ್ತದೆ ಸರ್" ಅಂದ.

ಸರಿಯಾದ ಮಾತು. ಬಾರ್ಡರ್ ಇಲ್ಲದ ಪ್ರಿಂಟಿಗೆ ಯಂತ್ರ ಚಿತ್ರವನ್ನು ಕಾಗದಕ್ಕಿಂತ ಸ್ವಲ್ಪ ಹಿಗ್ಗಿಸಿ ಅಂಚನ್ನು ಕತ್ತರಿಸುತ್ತದೆ. ಗ್ರೇನಿನ ಹೊಂದಿಕೆ ಅದರಲ್ಲಿ ಸ್ವಲ್ಪ ಸಡಿಲ ಆಗುತ್ತದೆ. ಹೇಗೂ ಕಟ್ಟು ಹಾಕಿಸುವ ಫೋಟೋ, ಕಟ್ಟಿನೊಳಗೆ ಅಂಚು ಮುಚ್ಚಿಹೋಗುತ್ತದೆ. ಬಿಳಿ ಬಾರ್ಡರ್ ಇಟ್ಟು ನೂರಕ್ಕೆ ನೂರು ಗಾತ್ರದಲ್ಲೇ ಹಾಕು ಅಂದೆ. ಅದಕ್ಕೆ ಒಂದು ಗಾತ್ರ ದೊಡ್ಡ ಕಾಗದ ಬೇಕಾಯಿತು.

ಕೆಲವು ಲ್ಯಾಬಿನಲ್ಲಿ ಫೈಲ್ ತೆರೆದು, ಕ್ರಾಪ್ ಮಾಡಿ, ಮತ್ತೆ ಜೆಪೆಗ್ ಆಗಿ ಸೇವ್ ಮಾಡಿ ಯಂತ್ರಕ್ಕೆ ಹಾಕುವ ಅಭ್ಯಾಸ ಇದೆ. ಅದನ್ನು ತಪ್ಪಿಸಿ. ಅದೇ ಗಾತ್ರ, ಅದೇ ಗುಣಮಟ್ಟದಲ್ಲಿ ಮತ್ತೆ ಸೇವ್ ಆದರೆ ನಷ್ಟ ಕಮ್ಮಿ, ಯಾಕೆಂದರೆ ಚೌಕಗಳು ಹಳೇ ಜಾಗದಲ್ಲೇ ಬೀಳುತ್ತವೆ. ಎಡದಿಂದ ಮೂರು ಪಿಕ್ಸೆಲ್ ಕ್ರಾಪ್ ಆದರೆ ಮಾತ್ರ ಎಲ್ಲ ಚೌಕವೂ ಸರಿದು, ಹಳೇ ಚೌಕದ ಗುರುತಿನ ಮೇಲೆ ಹೊಸ ಚೌಕ ಕೂರುತ್ತದೆ. ಕೊನೆಯ ಗಾತ್ರ ನೀವೇ ಮಾಡಿಕೊಟ್ಟರೆ ಅವರಿಗೆ ಕತ್ತರಿಸೋಕೆ ಏನೂ ಉಳಿಯುವುದಿಲ್ಲ.

ತುಂಡು ಪ್ರಿಂಟ್ ಬಂತು. ಭುಜದ ಕಂದು ಗೆರೆ ಹೋಗಿದೆ. ಗೋಡೆಯಲ್ಲಿ ತೇಪೆ ಹುಡುಕಿದರೂ ಸಿಗಲಿಲ್ಲ. ಓರೆಯಾಗಿ ಹಿಡಿದು ನೋಡಿದೆ, ಮ್ಯಾಟ್ ಕಾಗದ ಆದ್ದರಿಂದ ಹೊಳಪಿನ ತೊಂದರೆಯೂ ಇಲ್ಲ. ಪೂರ್ತಿ ಪ್ರಿಂಟಿಗೆ ಹಾಕಿಸಿದೆ.

ದೊಡ್ಡ ಪ್ರಿಂಟ್, ಫೋನಿನ ಪ್ರತಿ

ಅದು ನೋಡಿದ ಮೇಲೆ ಮನೆಯವರಿಗೆ ನಡುಮನೆಗೆ 30x20 ಇಂಚಿನದ್ದೂ ಬೇಕು ಅನಿಸಿತು. 6000 ಪಿಕ್ಸೆಲ್ 30 ಇಂಚಿಗೆ ಅಂದರೆ ಇಂಚಿಗೆ 200. ಇದು ಸಾಕು. ಕಣ್ಣಿನ ಲೆಕ್ಕದಲ್ಲಿ ಒಂದು ಮೀಟರ್ ದೂರದಿಂದ 0.3 ಮಿಲಿಮೀಟರಿಗಿಂತ ಸಣ್ಣದು ಬೇರೆಯಾಗಿ ಕಾಣುವುದಿಲ್ಲ, ಅಂದರೆ ಇಂಚಿಗೆ 90 ಇದ್ದರೂ ನಡೆಯುತ್ತದೆ. ನೆಂಟರು ಹತ್ತಿರ ಹೋಗಿ ಮೂಗು ತಾಗಿಸಿ ನೋಡುವವರೇ, ಆದರೂ 200 ತಡೆಯುತ್ತದೆ. ಆದರೆ 18x12ರ ಫೈಲನ್ನೇ ಹಿಗ್ಗಿಸಬಾರದು. ಅದರ ಗ್ರೇನ್ ಹಿಗ್ಗಿ ಮಚ್ಚೆ ಮಚ್ಚೆ ಆಗುತ್ತದೆ, ತೇಪೆಯ ಗ್ರೇನ್ ಒಂದು ಥರ, ಉಳಿದದ್ದು ಇನ್ನೊಂದು ಥರ. ಪಿಎಸ್‌ಡಿಯಿಂದ ಹೊಸ ಫ್ಲಾಟ್ ಪ್ರತಿ, ಅದನ್ನು ಯಂತ್ರದ 300ರ ಲೆಕ್ಕಕ್ಕೆ 9000x6000ಕ್ಕೆ ಏರಿಸುವುದು, ಅಲ್ಲಿ ಮತ್ತೆ `Std Dev` ಅಳೆದು ಗ್ರೇನ್ ಹೊಂದಿಸುವುದು. ಈ ಸಲ ಬ್ಲರ್ 0.6 ಸಾಲದೆ ಒಂದರ ಹತ್ತಿರ ಬೇಕಾಯಿತು.

ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ಬೇಕಾದ ಪ್ರತಿ ಪೂರ್ತಿ ಬೇರೆ ಜಾತಿ. ಅಲ್ಲಿ ಫೋಟೋ ಆಗಿ ಕಳಿಸಿದರೆ ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲಿನ ಆಸುಪಾಸಿಗೆ ಇಳಿದು ಮತ್ತೆ ಜೆಪೆಗ್ ಆಗುತ್ತದೆ. ಗ್ರೇನ್ ಹೇಗೂ ಸಾಯುತ್ತದೆ. ಉಳಿಸೋಕೆ ಹೋಗುವುದೇ ದಂಡ. ಅಲ್ಲಿ ಉಲ್ಟಾ ಮಾಡಬೇಕು: ಎರಡೂ ಕಡೆ ಗೋಡೆಯನ್ನು ಸಮನಾಗಿ ನುಣ್ಣಗೆ ಮಾಡಿಬಿಡುವುದು. ಜೊತೆಗೆ ತೇಪೆಯ ಮಾಸ್ಕನ್ನು ಗೋಡೆಯ ನಡುವಿಂದ ತೆಗೆದು ಜಗಲಿ ಕಂಬದ ಅಂಚಿಗೆ ಒಯ್ದೆ. ಅಸಲಿ ಗೆರೆ ಇರುವ ಕಡೆ ಜೋಡಿಕೆ ಬಿದ್ದರೆ ಜೆಪೆಗ್ ಏನೇ ಮಾಡಿದರೂ ಕಂಬದ ಲೆಕ್ಕಕ್ಕೆ ಹೋಗುತ್ತದೆ. 1600ಕ್ಕೆ ನಾನೇ ಇಳಿಸಿ ಕಳಿಸಿದೆ, ಇನ್ನೊಮ್ಮೆ ಗಾತ್ರ ಬದಲಾಗದಿರಲಿ ಅಂತ.

ಪ್ರಿಂಟಿನ ಫೈಲ್ ಕೇಳುವವರಿಗೆ ಅದೇ ವಾಟ್ಸಾಪಿನಲ್ಲಿ `Document` ಆಗಿ ಕಳಿಸಬೇಕು. ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ. ಹಿರಿಯ ಮಗನ ಪೆನ್ ಡ್ರೈವಿಗೆ ಪಿಎಸ್‌ಡಿ, ಎರಡು ಟಿಫ್, ಎರಡು ಜೆಪೆಗ್ ಹಾಕಿ, ಹೆಸರಿನಲ್ಲೇ ಇಂಚು ಬರೆದೆ. ಫೋನಿನ ಪ್ರತಿಯ ಹೆಸರು `phone_print_beda.jpg`.